ಹೊರದೇಶದ ಗೆಳೆಯರ ಜೊತೆ ಆಟ: ದುಡ್ಡು ಹಾಕುವ ಮುಂಚೆ ನೋಡಬೇಕಾದ ಐದು ಹಂತ

"ಜರ್ಮನಿಯಲ್ಲಿರೋ ಅಣ್ಣನ ಜೊತೆ ಆಡ್ಬೇಕು, ಯಾವ ಸರ್ವರ್ ಹಾಕ್ಲಿ?" "ಅಲ್ಲಿಂದ ಗೇಮ್ ಗಿಫ್ಟ್ ಕಳಿಸಿದ್ರೆ ಇಲ್ಲಿ ಓಡುತ್ತಾ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಇವೆರಡು. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಹೊರದೇಶಕ್ಕೆ ಹೋದವರಿಲ್ಲದ ಊರು ಸಿಗುವುದೇ ಕಷ್ಟ. ಹಾಗಾಗಿ ಈ ತೊಡಕು ಒಬ್ಬಿಬ್ಬರದ್ದಲ್ಲ.

ಹೆಚ್ಚಿನವರು ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಗೇಮ್ ಕೊಳ್ಳುತ್ತಾರೆ, ಆಮೇಲೆ ಸರ್ವರ್ ಹುಡುಕುತ್ತಾರೆ, ಕೊನೆಗೆ ಇಬ್ಬರಿಗೂ ಬಿಡುವಿನ ಹೊತ್ತು ಯಾವುದು ಅಂತ ಕೇಳುತ್ತಾರೆ. ಇದನ್ನು ತಿರುಗಿಸಿ ಮಾಡಬೇಕು. ಖರೀದಿ ಕಡೆಯ ಕೆಲಸ.

ಉದಾಹರಣೆಗೆ ಮೂವರು ಶಾಲಾ ಗೆಳೆಯರನ್ನು ಇಟ್ಟುಕೊಳ್ಳೋಣ. ಒಬ್ಬ ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಲ್ಲಿ, ಇನ್ನೊಬ್ಬ ಶಿವಮೊಗ್ಗದಲ್ಲಿ, ಮೂರನೆಯವನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಮೂವರ ಹತ್ತಿರವೂ ಕಂಪ್ಯೂಟರ್ ಇದೆ, ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಅಕೌಂಟ್ ಇದೆ.

ಹಂತ 1: ಆಟ ಯಾವ ಬಗೆಯದ್ದು ಅಂತ ತಿಳಿದುಕೊಳ್ಳಿ

ಸರ್ವರ್ ಅಂದರೆ ಎಲ್ಲ ಆಟಗಾರರ ಲೆಕ್ಕ ಇಡುವ ಕಂಪ್ಯೂಟರ್. ಯಾರು ಎಲ್ಲಿದ್ದಾರೆ, ಯಾರ ಗುಂಡು ಯಾರಿಗೆ ಬಿತ್ತು ಎಂಬ ತೀರ್ಮಾನ ಅಲ್ಲೇ ಆಗುತ್ತದೆ. ಆ ಸರ್ವರ್ ಎಲ್ಲಿರಬೇಕು ಅನ್ನುವುದನ್ನು ಯಾರು ನಿರ್ಧರಿಸುತ್ತಾರೆ? ಇದಕ್ಕೆ ತಕ್ಕಂತೆ ಆಟಗಳು ಮೂರು ಬಗೆ.

ಮೊದಲನೆಯದು, ಅಕೌಂಟನ್ನೇ ಒಂದು ಪ್ರದೇಶಕ್ಕೆ ಕಟ್ಟಿಹಾಕುವ ಆಟಗಳು. ವ್ಯಾಲೊರೆಂಟ್ ಹೀಗಿದೆ. ಭಾರತದಲ್ಲಿ ತೆರೆದ ಅಕೌಂಟ್ ಏಷ್ಯಾ-ಪೆಸಿಫಿಕ್ ಪ್ರದೇಶಕ್ಕೆ ಸೇರುತ್ತದೆ, ಮುಂಬೈ ಸರ್ವರ್ ಇರುವುದೂ ಅದರೊಳಗೆ. ಜರ್ಮನಿಯಲ್ಲಿ ತೆರೆದದ್ದು ಯುರೋಪಿಗೆ ಸೇರುತ್ತದೆ. ಈ ಎರಡು ಅಕೌಂಟ್‌ಗಳು ಒಂದೇ ಪಂದ್ಯದಲ್ಲಿ ಸೇರಲು ಆಗುವುದಿಲ್ಲ. ಹಾಗಾಗಿ ಹೊರಡುವ ಮುಂಚೆ ಶಿವಮೊಗ್ಗದಲ್ಲೇ ಅಕೌಂಟ್ ಮಾಡಿಕೊಂಡ ಗೆಳೆಯ, ಅಲ್ಲಿಗೆ ಹೋದ ತಕ್ಷಣ ಪ್ರದೇಶ ಬದಲಿಸಿಕೊಳ್ಳಬಾರದು. ಹಳೆಯದನ್ನು ಹಾಗೇ ಇಟ್ಟುಕೊಂಡರೆ ಸ್ಟುಟ್‌ಗಾರ್ಟ್‌ನಿಂದಲೂ ಮುಂಬೈ ಸರ್ವರ್‌ಗೆ ಬರಬಹುದು. ಅಲ್ಲಿಯ ಹೊಸ ಗೆಳೆಯರ ಜೊತೆ ಆಡಲು ಇನ್ನೊಂದು ಅಕೌಂಟ್ ಮಾಡಿಕೊಳ್ಳಲಿ.

ಫೋನಿನ ಬಿಜಿಎಂಐ ವಿಷಯದಲ್ಲಿ ಇಷ್ಟೂ ದಾರಿ ಇಲ್ಲ. ಪಬ್‌ಜಿ ಮೊಬೈಲ್ 2020ರಲ್ಲಿ ನಿಷೇಧವಾದ ಮೇಲೆ, 2021ರಲ್ಲಿ ಭಾರತಕ್ಕೆಂದೇ ಬಂದ ಆಟ ಅದು. ಜರ್ಮನಿಯವರ ಪ್ಲೇ ಸ್ಟೋರ್‌ನಲ್ಲಿ ಸಿಗುವುದು ಪಬ್‌ಜಿ ಮೊಬೈಲ್. ನೋಡಲು ಎರಡೂ ಒಂದೇ ಥರ, ಆದರೆ ಇದರಲ್ಲಿರುವವರು ಅದರಲ್ಲಿರುವವರ ಜೊತೆ ಆಡಲಾಗದು. ಯಾವ ಸೆಟ್ಟಿಂಗ್ ತಿರುಗಿಸಿದರೂ ಅಷ್ಟೇ. ಸುಮ್ನೆ ಹೊತ್ತು ಕಳೆಯಬೇಡಿ, ಬೇರೆ ಆಟ ನೋಡಿ.

ಎರಡನೆಯದು, ಪ್ರದೇಶವನ್ನು ಆಟಗಾರರೇ ಆರಿಸಬಹುದಾದ ಆಟಗಳು. ಡೋಟಾ 2ರಲ್ಲಿ ಪಂದ್ಯ ಹುಡುಕುವ ಮುಂಚೆ ಇಂಡಿಯಾ, ದುಬೈ, ಪಶ್ಚಿಮ ಯುರೋಪ್ ಹೀಗೆ ಬೇಕಾದ್ದಕ್ಕೆ ಗುರುತು ಹಾಕಬಹುದು.

ಮೂರನೆಯದು, ಆಡುವವರಲ್ಲೇ ಒಬ್ಬರ ಕಂಪ್ಯೂಟರ್ ಸರ್ವರ್ ಆಗುವ ಆಟಗಳು. ಸ್ಟಾರ್ಡ್ಯೂ ವ್ಯಾಲಿ, ವಾಲ್‌ಹೈಮ್, ಮೈನ್‌ಕ್ರಾಫ್ಟ್ ಇಂಥವು. ಹೀಗೆ ಆಟವನ್ನು ತನ್ನ ಕಂಪ್ಯೂಟರ್‌ನಲ್ಲಿ ನಡೆಸಿಕೊಡುವವರನ್ನು ಹೋಸ್ಟ್ ಅನ್ನುತ್ತಾರೆ. ದೂರದ ಗೆಳೆಯರ ಜೊತೆ ಮೊದಲ ಸಲ ಆಡುವವರಿಗೆ ನಾನು ಹೇಳುವುದು ಈ ಮೂರನೇ ಬಗೆಯನ್ನೇ. ನಮ್ಮ ಮೂವರು ಗೆಳೆಯರು ಸ್ಟಾರ್ಡ್ಯೂ ವ್ಯಾಲಿ ಆರಿಸಿಕೊಂಡರು ಅಂತಿಟ್ಟುಕೊಳ್ಳಿ. ಎಲ್ಲರೂ ಸೇರಿ ಜಮೀನು ಮಾಡುವ ಆಟ, ಕ್ಷಣಾರ್ಧದಲ್ಲಿ ಗುರಿ ಇಡುವ ಒತ್ತಡ ಇಲ್ಲ.

ಹಂತ 2: ಎರಡೂ ಊರಿನ ಗಡಿಯಾರ ಹೊಂದಿಸಿ

ನಮ್ಮ ಗಡಿಯಾರ ವರ್ಷವಿಡೀ ಒಂದೇ. ಅವರದ್ದು ಹಾಗಲ್ಲ. ಯುರೋಪಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಹಿಂದೆ ತಿರುಗಿಸುತ್ತಾರೆ. ಅವರ ಬೇಸಿಗೆಯಲ್ಲಿ ನಾವು ಜರ್ಮನಿಗಿಂತ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದೆ.

ಲೆಕ್ಕ ಹಾಕಿ ನೋಡಿ. ಸ್ಟುಟ್‌ಗಾರ್ಟ್‌ನವನು ಕೆಲಸ ಮುಗಿಸಿ ಸಂಜೆ ಆರೂವರೆಗೆ ಕೂರುತ್ತಾನೆ. ಜೂನ್‌ನಲ್ಲಿ ಆಗ ತೀರ್ಥಹಳ್ಳಿಯಲ್ಲಿ ರಾತ್ರಿ ಹತ್ತು ಗಂಟೆ. ಹೇಗೋ ನಡೆಯುತ್ತದೆ. ನವೆಂಬರ್‌ನಲ್ಲಿ ಅದೇ ಆರೂವರೆ ಅಂದರೆ ಇಲ್ಲಿ ಹನ್ನೊಂದು. ತೋಟದ ಮನೆಗಳಲ್ಲಿ ಅದು ಅಡಿಕೆ ಕೊಯ್ಲಿನ ಕಾಲ. ಕೊನೆ ತೆಗೆಯುವವರು ಬೆಳಿಗ್ಗೆ ಬೇಗ ಬರುತ್ತಾರೆ, ಮನೆಯವರೂ ಬೇಗ ಏಳಬೇಕು. ಬೇಸಿಗೆಯಲ್ಲಿ ಚೆನ್ನಾಗಿ ನಡೆದ ತಂಡ ದೀಪಾವಳಿ ಹೊತ್ತಿಗೆ ಮುರಿದುಬೀಳುವುದು ಇಲ್ಲೇ. ಯಾರೂ ಜಗಳ ಆಡಿರುವುದಿಲ್ಲ, ಒಂದು ಗಂಟೆ ಅತ್ತಿತ್ತ ಆಗಿರುತ್ತದೆ ಅಷ್ಟೇ.

ಅದಕ್ಕೇ ವಾರದ ಮುಖ್ಯ ಆಟವನ್ನು ಭಾನುವಾರಕ್ಕೆ ಇಡಿ. ಅಲ್ಲಿ ಬೆಳಿಗ್ಗೆ ಹತ್ತು ಗಂಟೆ ಅಂದರೆ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಊಟ ಮುಗಿದಿರುತ್ತದೆ, ಯಾರ ನಿದ್ದೆಯೂ ಕೆಡುವುದಿಲ್ಲ.

ಹೊತ್ತನ್ನು ಬಾಯಿಮಾತಲ್ಲಿ ಬಿಡಬೇಡಿ. ಆಟಗಾರರು ಗುಂಪಿನಲ್ಲಿ ಮಾತಾಡಿಕೊಳ್ಳುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಒಂದು ಸಂಕೇತ ಹಾಕಿದರೆ ಓದುವ ಪ್ರತಿಯೊಬ್ಬರಿಗೂ ಅವರವರ ಊರಿನ ಸಮಯವೇ ಕಾಣುತ್ತದೆ. 2026ರ ನವೆಂಬರ್ 1, ಭಾನುವಾರ, ನಮ್ಮ ಮಧ್ಯಾಹ್ನ ಎರಡೂವರೆಗೆ ಹೀಗೆ ಬರೆಯಬೇಕು:

```
<t:1793523600:F>
```

ಇದನ್ನು ತೀರ್ಥಹಳ್ಳಿಯವರು ನೋಡಿದರೆ ಎರಡೂವರೆ ಅಂತ ಕಾಣುತ್ತದೆ, ಸ್ಟುಟ್‌ಗಾರ್ಟ್‌ನವರಿಗೆ ಬೆಳಿಗ್ಗೆ ಹತ್ತು ಅಂತ ಕಾಣುತ್ತದೆ. ನಡುವಿನ ಅಂಕಿ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಬೇರೆ ದಿನಕ್ಕೆ ಬೇಕಾದ ಅಂಕಿ ಕೊಡುವ ವೆಬ್‌ಸೈಟುಗಳು ಬೇಕಾದಷ್ಟಿವೆ. ಪ್ರತಿವಾರದ ಆಟವಾದರೆ ಗೂಗಲ್ ಕ್ಯಾಲೆಂಡರ್‌ನಲ್ಲಿ ನಮೂದು ಮಾಡಿ, ಅದರ ಸಮಯ ವಲಯವನ್ನು ಬರ್ಲಿನ್ ಅಂತ ಇಡಿ. ಆಗ ಅಕ್ಟೋಬರ್‌ನಲ್ಲಿ ಅವರ ಗಡಿಯಾರ ತಿರುಗಿದಾಗ ನಮ್ಮ ಫೋನಿನ ನೆನಪೋಲೆ ತಾನಾಗಿಯೇ ಒಂದು ಗಂಟೆ ಮುಂದೆ ಹೋಗುತ್ತದೆ.

ಗುಂಪಿನಲ್ಲಿ ಅಮೆರಿಕದವರೂ ಇದ್ದರೆ ಇನ್ನೊಂದು ವಿಷಯ ಗಮನದಲ್ಲಿರಲಿ. ಅವರು ಗಡಿಯಾರ ತಿರುಗಿಸುವುದು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಹಾಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಯುರೋಪಿನ ಲೆಕ್ಕವೇ ಬೇರೆ, ಅಮೆರಿಕದ ಲೆಕ್ಕವೇ ಬೇರೆ ಇರುತ್ತದೆ.

ಹಂತ 3: ಪಿಂಗ್ ಅಳೆಯಿರಿ

ನಿಮ್ಮ ಕಂಪ್ಯೂಟರ್‌ನಿಂದ ಹೊರಟ ಸಂದೇಶ ಆ ಕಡೆ ಮುಟ್ಟಿ ವಾಪಸ್ ಬರಲು ಹಿಡಿಯುವ ಹೊತ್ತೇ ಪಿಂಗ್. ಅಳತೆ ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ.

ಇಲ್ಲಿ ಜನ ದುಡ್ಡು ಕಳೆದುಕೊಳ್ಳುವ ಒಂದು ತಪ್ಪು ತಿಳಿವಳಿಕೆ ಇದೆ. ಆಟ ತಡವರಿಸಿದರೆ ಸಾಕು, 40 ಎಂಬಿಪಿಎಸ್ ಪ್ಲಾನ್ ಬಿಟ್ಟು 300ರದ್ದು ಹಾಕಿಸುತ್ತಾರೆ. ಪಿಂಗ್ ಇದ್ದಲ್ಲೇ ಇರುತ್ತದೆ. ಯಾಕೆಂದರೆ ಪಿಂಗ್ ದೂರದ ಲೆಕ್ಕ. ಫೈಬರ್ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಮುಂಬೈಯಿಂದ ಫ್ರಾಂಕ್‌ಫರ್ಟ್‌ಗೆ ನೇರ ಗೆರೆ ಎಳೆದರೆ ಸುಮಾರು 6,500 ಕಿಲೋಮೀಟರ್. ಹೋಗಿ ಬರಲು 65 ಮಿಲಿಸೆಕೆಂಡ್ ಬೇಕೇ ಬೇಕು. ತಂತಿ ನೇರವಾಗಿಯೂ ಇಲ್ಲ. ಹೆಚ್ಚಿನ ಸಂಚಾರ ಮುಂಬೈಯಿಂದ ಸಮುದ್ರದಡಿ ಕೆಂಪು ಸಮುದ್ರಕ್ಕೆ ಹೋಗಿ, ಈಜಿಪ್ಟ್ ದಾಟಿ, ಮೆಡಿಟರೇನಿಯನ್ ಮೂಲಕ ಯುರೋಪ್ ಸೇರುತ್ತದೆ. ಹಾಗಾಗಿ ನಮ್ಮ ಕಡೆಯಿಂದ ಜರ್ಮನಿಗೆ 130ರಿಂದ 160 ಬಂದರೆ ಅದು ಒಳ್ಳೆಯ ಪಿಂಗೇ. ಇದಕ್ಕಿಂತ ತೀರಾ ಕಡಿಮೆ ಮಾಡಿಕೊಡುತ್ತೇವೆ ಅಂತ ಯಾರಾದರೂ ಆ್ಯಪ್ ಮಾರಿದರೆ ನಂಬಬೇಡಿ.

ಅಳೆಯುವುದು ಹೀಗೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಈ ಮೂರನ್ನು ಒಂದಾದ ಮೇಲೊಂದು ಓಡಿಸಿ:

```
ping -n 50 192.168.1.1
ping -n 50 8.8.8.8
ping -n 50 fsn1-speed.hetzner.com
```

ಮೊದಲನೆಯದು ನಿಮ್ಮ ಮನೆಯ ರೂಟರ್. ವಿಳಾಸ ಬೇರೆ ಇದ್ದರೆ `ipconfig` ಅಂತ ಕೊಟ್ಟಾಗ `Default Gateway` ಎದುರು ಕಾಣುವ ಅಂಕಿ ಹಾಕಿ. ಎರಡನೆಯದು ಗೂಗಲ್‌ನ ಸೇವೆ, ಸಾಮಾನ್ಯವಾಗಿ ಭಾರತದೊಳಗಿಂದಲೇ ಉತ್ತರ ಬರುತ್ತದೆ. ಮೂರನೆಯದು ಜರ್ಮನಿಯ ಒಂದು ಡೇಟಾ ಸೆಂಟರ್. ಕೊನೆಯಲ್ಲಿ `Minimum`, `Maximum`, `Average` ಅಂತ ಮೂರು ಅಂಕಿ ಬರುತ್ತವೆ. ಸರಾಸರಿಗಿಂತ ಹೆಚ್ಚಾಗಿ, ಸರಾಸರಿಗೂ ಗರಿಷ್ಠಕ್ಕೂ ಇರುವ ಅಂತರ ನೋಡಿ. ಸದಾ 150 ಇರುವ ಲೈನಿಗೆ ಕೈ ಹೊಂದಿಕೊಳ್ಳುತ್ತದೆ. 90ರಿಂದ 300ಕ್ಕೆ ಹಾರುವ ಲೈನಿಗೆ ಹೊಂದಿಕೊಳ್ಳುವುದಿಲ್ಲ.

ತೊಂದರೆ ಎಲ್ಲಿದೆ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ರೂಟರ್‌ಗೇ ಗರಿಷ್ಠ 180 ಬಂದರೆ ದೋಷ ಮನೆಯ ವೈಫೈನದ್ದು. ರೂಟರ್ ಸರಿಯಿದ್ದು ಎರಡನೆಯದು ಏರಿದರೆ ಇಂಟರ್ನೆಟ್ ಕಂಪನಿಯವರಿಗೆ ಫೋನ್ ಮಾಡಬೇಕು. ಮೊದಲೆರಡೂ ಸರಿಯಿದ್ದು ಜರ್ಮನಿಯದ್ದು ಮಾತ್ರ ಏರಿದರೆ ನೀವು ಮಾಡುವುದು ಏನೂ ಇಲ್ಲ. ಹೆಚ್ಚಾಗಿ ದೂರದ ದಾರಿಯಲ್ಲೇ ಏನೋ ಆಗಿರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಹತ್ತಿರ ಕೆಂಪು ಸಮುದ್ರದ ಕೇಬಲ್‌ಗಳು ತುಂಡಾದಾಗ ಭಾರತದಿಂದ ಯುರೋಪಿನ ಕಡೆಯ ಸಂಪರ್ಕ ನಿಧಾನವಾಗಿತ್ತು. ಅಂಥ ದಿನಗಳಲ್ಲಿ ರೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿ ಪ್ರಯೋಜನವಿಲ್ಲ.

ನಮ್ಮ ಕಡೆ ಹೆಚ್ಚಾಗಿ ಸಿಗುವುದು ಮೊದಲ ದೋಷವೇ. ರೂಟರ್ ಜಗಲಿಯಲ್ಲಿ, ಆಡುವವನು ಒಳಗಿನ ಕೋಣೆಯಲ್ಲಿ ಅಥವಾ ಅಟ್ಟದ ಮೇಲೆ, ನಡುವೆ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ. ಯೂಟ್ಯೂಬ್ ಓಡುತ್ತದೆ, ಯಾಕೆಂದರೆ ಅದು ಮುಂದಿನದ್ದನ್ನು ಮೊದಲೇ ತುಂಬಿಸಿಟ್ಟುಕೊಳ್ಳುತ್ತದೆ. ಆಟಕ್ಕೆ ಆ ಅನುಕೂಲ ಇಲ್ಲ. ರೂಟರ್‌ನಿಂದ ಕಂಪ್ಯೂಟರ್‌ಗೆ ಒಂದು ಲ್ಯಾನ್ ಕೇಬಲ್ ಎಳೆಯಿರಿ, ಗೋಡೆಯ ಮೇಲಿನ ಸಂದಿನಲ್ಲಿ ದಾಟಿಸಿದರೂ ಸಾಕು. ದೊಡ್ಡ ಪ್ಲಾನ್ ಹಾಕಿಸುವುದಕ್ಕಿಂತ ಇದಕ್ಕೆ ಖರ್ಚೂ ಕಡಿಮೆ, ಫಲವೂ ಜಾಸ್ತಿ.

ಹಂತ 4: ಹೋಸ್ಟ್ ಯಾರು ಅಂತ ಮೊದಲೇ ತೀರ್ಮಾನ ಮಾಡಿ

ಡೋಟಾದಂಥ ಆಟವಾದರೆ ಈ ಹಂತ ಚಿಕ್ಕದು. ಇಂಡಿಯಾ, ದುಬೈ, ಪಶ್ಚಿಮ ಯುರೋಪ್ ಮೂರಕ್ಕೂ ಪ್ರತಿಯೊಬ್ಬರ ಪಿಂಗ್ ಬರೆದುಕೊಳ್ಳಿ. ಯಾವುದರಲ್ಲಿ ಅತಿ ಹೆಚ್ಚು ಪಿಂಗ್ ಇರುವವನ ಸ್ಥಿತಿ ಸ್ವಲ್ಪವಾದರೂ ಉತ್ತಮವೋ ಅದನ್ನು ಇಟ್ಟುಕೊಳ್ಳಿ. ಇಬ್ಬರಿಗೆ ಸುಖ, ಒಬ್ಬನಿಗೆ ಸದಾ ಹಿಂಸೆ ಅನ್ನುವ ಏರ್ಪಾಡು ಬಹಳ ದಿನ ಬಾಳುವುದಿಲ್ಲ.

ಸ್ಟಾರ್ಡ್ಯೂ ಥರದ ಆಟದಲ್ಲಿ ಹೋಸ್ಟ್ ಆರಿಸುವುದೇ ದೊಡ್ಡ ತೀರ್ಮಾನ. ಇಲ್ಲಿ ಇಬ್ಬರಿದ್ದಾರೆ, ಅಲ್ಲಿ ಒಬ್ಬ, ಹಾಗಾಗಿ ಹೋಸ್ಟ್ ಇಲ್ಲೇ ಇರಲಿ ಅಂತ ಸಹಜವಾಗಿ ಅನ್ನಿಸುತ್ತದೆ. ಪಿಂಗ್ ಮಾತ್ರ ನೋಡಿದರೆ ಅದು ಸರಿಯೇ. ಆದರೂ ತೀರ್ಥಹಳ್ಳಿಯವನು ಹೋಸ್ಟ್ ಆಗುವುದು ಬೇಡ ಅನ್ನುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಉಳಿದವರಲ್ಲಿ ಒಬ್ಬರ ಸಂಪರ್ಕ ಹೋದರೆ ಅವರೊಬ್ಬರೇ ಹೊರಗೆ ಬೀಳುತ್ತಾರೆ, ಆಟ ನಡೆಯುತ್ತದೆ. ಹೋಸ್ಟ್‌ನ ಕರೆಂಟ್ ಹೋದರೆ ಮೂವರದ್ದೂ ನಿಂತಿತು. ಸ್ಟಾರ್ಡ್ಯೂನಲ್ಲಿ ಆಟ ಉಳಿಯುವುದು ಆಟದೊಳಗಿನ ದಿನ ಮುಗಿದು ಎಲ್ಲರೂ ಮಲಗಿದಾಗ ಮಾತ್ರ. ಒಂದು ದಿನ ಅಂದರೆ ಸುಮಾರು 14 ನಿಮಿಷ. ದಿನದ ನಡುವೆ ಹೋಸ್ಟ್ ಬಿದ್ದರೆ ಅಷ್ಟು ಹೊತ್ತಿನ ಕೆಲಸ ಎಲ್ಲರಿಗೂ ನಷ್ಟ.

ಈ ಆಟದಲ್ಲಿ 150 ಮಿಲಿಸೆಕೆಂಡ್ ಹೆಚ್ಚು ತೊಂದರೆ ಕೊಡುವುದಿಲ್ಲ. ಕರೆಂಟ್ ಹೋಗುವುದು ಕೊಡುತ್ತದೆ. ಆದ್ದರಿಂದ ಸ್ಟುಟ್‌ಗಾರ್ಟ್‌ನವನೇ ಹೋಸ್ಟ್ ಆಗಲಿ.

ನಡುವೆ ಬದಲಾಯಿಸಿದರಾಯಿತು ಅಂದುಕೊಳ್ಳಬೇಡಿ. ಜಮೀನಿನ ಕಡತ ಹೋಸ್ಟ್‌ನ ಕಂಪ್ಯೂಟರ್‌ನಲ್ಲಿ ಈ ಜಾಗದಲ್ಲಿರುತ್ತದೆ:

```
%AppData%\StardewValley\Saves
```

ಅದನ್ನು ಬೇರೊಬ್ಬರಿಗೆ ಕಳಿಸಬಹುದು, ತೆರೆಯುತ್ತದೆ ಕೂಡ. ಆದರೆ ತೆರೆದವರು ಹಳೆಯ ಹೋಸ್ಟ್‌ನ ಪಾತ್ರವಾಗಿಯೇ ಆಡಬೇಕಾಗುತ್ತದೆ. ಅವರು ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಪಕ್ಕದ ಗುಡಿಸಲಿನಲ್ಲಿ ಉಳಿಯುತ್ತದೆ. ಹೋಸ್ಟ್ ಬಂದರೆ ಮಾತ್ರ ಆಟ ಅನ್ನುವ ಮಿತಿಯೂ ಇದೆ. ಆದ್ದರಿಂದ ಇಲ್ಲಿಯ ಇಬ್ಬರು ತಮ್ಮಷ್ಟಕ್ಕೆ ಆಡಲು ಬೇರೆ ಜಮೀನು ಮಾಡಿಕೊಳ್ಳಲಿ.

ತೋಟದ ಮನೆಯವನು ರೂಟರ್‌ಗೆ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಹಾಕಿಕೊಂಡು ಲ್ಯಾಪ್‌ಟಾಪ್‌ನಲ್ಲಿ ಆಡಿದರೆ ಸಣ್ಣಪುಟ್ಟ ಕರೆಂಟ್ ಕಡಿತದಲ್ಲಿ ಹೊರಗೆ ಬೀಳುವುದಿಲ್ಲ. ರೂಟರ್‌ನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿರುತ್ತದೆ, ಅದನ್ನು ನೋಡಿಯೇ ಕೊಳ್ಳಿ.

ಹಂತ 5: ಈಗ ಖರೀದಿ

ಸ್ಟೀಮ್ ಪ್ರತಿ ಅಕೌಂಟನ್ನು ಒಂದು ದೇಶದ ಅಂಗಡಿಗೆ ಸೇರಿಸುತ್ತದೆ. ನಮಗೆ ಬೆಲೆ ರೂಪಾಯಿಯಲ್ಲಿ, ಸ್ಟುಟ್‌ಗಾರ್ಟ್‌ನವನಿಗೆ ಯೂರೋದಲ್ಲಿ. ಎಷ್ಟೋ ಆಟಗಳಿಗೆ ಇಲ್ಲಿಯ ಬೆಲೆ ಕಡಿಮೆ. ತೊಡಕೆಲ್ಲ ಹುಟ್ಟುವುದು ಈ ವ್ಯತ್ಯಾಸದಿಂದ.

ನೀವು ಇಲ್ಲಿಂದ ಅಗ್ಗಕ್ಕೆ ಕೊಂಡು ಜರ್ಮನಿಗೆ ಗಿಫ್ಟ್ ಮಾಡಲು ಹೋದರೆ, ಎರಡು ದೇಶದ ಬೆಲೆ ತುಂಬ ದೂರ ಇದ್ದಾಗ ಸ್ಟೀಮ್ ತಡೆಯುತ್ತದೆ. ದುಡ್ಡು ಕಟ್ಟುವ ಮುಂಚೆಯೇ ತಿಳಿಸುತ್ತದೆ, ಹಾಗಾಗಿ ನಷ್ಟವಿಲ್ಲ. ಅವನು ನಿಮಗೆ ಕೊಡಿಸಬೇಕು ಅಂದರೆ ಆಟ ಕಳಿಸುವುದಕ್ಕಿಂತ ಡಿಜಿಟಲ್ ಗಿಫ್ಟ್ ಕಾರ್ಡ್ ಒಳ್ಳೆಯದು. ಮೊತ್ತ ರೂಪಾಯಿಯಾಗಿ ನಿಮ್ಮ ಸ್ಟೀಮ್ ವಾಲೆಟ್‌ಗೆ ಬೀಳುತ್ತದೆ, ನೀವು ಇಲ್ಲಿಯ ಬೆಲೆಗೆ ಕೊಳ್ಳುತ್ತೀರಿ. ಆದರೆ ಇಬ್ಬರೂ ಸ್ಟೀಮ್‌ನಲ್ಲಿ ಗೆಳೆಯರಾಗಿ ಕನಿಷ್ಠ ಮೂರು ದಿನ ಆಗಿರಬೇಕು. ರಿಯಾಯಿತಿ ಮುಗಿಯುವ ದಿನ ಗೆಳೆಯರಾಗಿ ಸೇರಿಸಿಕೊಂಡರೆ ಆಗುವುದಿಲ್ಲ. ನೀವೇ ಕೊಳ್ಳುವುದಾದರೆ ಯುಪಿಐ ಸುಲಭ.

ವಿಪಿಎನ್ ಹಾಕಿ ಬೇರೆ ದೇಶದವರಂತೆ ತೋರಿಸಿಕೊಂಡು ಕೊಳ್ಳುವುದು ಸ್ಟೀಮ್ ನಿಯಮಕ್ಕೆ ವಿರುದ್ಧ. ವಿಪಿಎನ್ ಅಂದರೆ ನಿಮ್ಮ ಸಂಪರ್ಕ ಬೇರೆ ಊರಿನಿಂದ ಬಂದಂತೆ ಕಾಣಿಸುವ ವ್ಯವಸ್ಥೆ. ಕೆಲವು ನೂರು ರೂಪಾಯಿ ಉಳಿಸಲು ವರ್ಷಗಳಿಂದ ಕೊಂಡ ಆಟಗಳಿರುವ ಅಕೌಂಟನ್ನೇ ಪಣಕ್ಕಿಡಬೇಡಿ. ನಿಜವಾಗಿಯೂ ದೇಶ ಬಿಟ್ಟು ಹೋದವರು ಅಂಗಡಿಯ ದೇಶ ಬದಲಿಸಬಹುದು. ಅದಕ್ಕೆ ಆ ದೇಶದ ಪಾವತಿ ವಿಧಾನ ಬೇಕು, ಮೂರು ತಿಂಗಳಿಗೊಮ್ಮೆ ಮಾತ್ರ ಅವಕಾಶ. ಸ್ಟೀಮ್ ಫ್ಯಾಮಿಲಿ ಎಂಬ ಹಂಚಿಕೆ ವ್ಯವಸ್ಥೆ ಒಂದೇ ದೇಶದ, ಒಂದೇ ಮನೆಯವರಿಗೆ. ಜರ್ಮನಿಯ ಅಣ್ಣನನ್ನು ಅದಕ್ಕೆ ಸೇರಿಸಲಾಗದು.

ಬೇರೆ ಸೈಟುಗಳಲ್ಲಿ ಕೀ ಕೊಳ್ಳುವವರು ಅದು ಯಾವ ದೇಶಗಳಲ್ಲಿ ತೆರೆಯುತ್ತದೆ ಅನ್ನುವ ಸಾಲನ್ನು ಓದಲೇಬೇಕು. ಕೀ ಅಂದರೆ ಆಟವನ್ನು ಅಕೌಂಟಿಗೆ ಸೇರಿಸುವ ಅಕ್ಷರಗಳ ಸಂಕೇತ. ಯುರೋಪಿಗೆ ಮಾತ್ರ ಅಂತಿದ್ದರೆ ಇಲ್ಲಿ ತೆರೆಯದು.

ಪ್ಲೇಸ್ಟೇಷನ್ ಇರುವವರಿಗೆ ಒಂದು ಮಾತು. ಊರಿಗೆ ಬರುವ ನೆಂಟರ ಕೈಲಿ ಅಮೆರಿಕದಿಂದ ಡಿಸ್ಕ್ ತರಿಸುವ ರೂಢಿ ಇದೆ. ಡಿಸ್ಕ್ ಇಲ್ಲಿ ಓಡುತ್ತದೆ. ಆದರೆ ಅದಕ್ಕೆ ಹೆಚ್ಚುವರಿ ಭಾಗ ಬೇಕಾದಾಗ ಭಾರತದ ಅಂಗಡಿಯಲ್ಲಿ ಕೊಂಡದ್ದು ಅಮೆರಿಕದ ಡಿಸ್ಕ್‌ಗೆ ಕೂಡಿಕೊಳ್ಳುವುದಿಲ್ಲ. ಅಮೆರಿಕದ ಗಿಫ್ಟ್ ಕಾರ್ಡ್ ಕೂಡ ಇಲ್ಲಿಯ ಅಕೌಂಟಿಗೆ ಹಿಡಿಯುವುದಿಲ್ಲ, ಅಕೌಂಟಿನ ದೇಶ ಬದಲಿಸಲೂ ಬರುವುದಿಲ್ಲ. ಹೆಚ್ಚುವರಿ ಭಾಗ ಬೇಕಾಗುವ ಆಟವಾದರೆ ಡಿಸ್ಕ್ ಇಲ್ಲೇ ಕೊಳ್ಳಿ.

ಸ್ಟೀಮ್‌ನಲ್ಲಿ ಕೊಂಡ ಮೇಲೆ ಆಟವನ್ನು ಹಾಗೇ ಇಟ್ಟುಕೊಳ್ಳಬೇಡಿ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಆದ್ದರಿಂದ ಮೂವರೂ ಒಂದೇ ವಾರದಲ್ಲಿ ಕೊಂಡು, ಮೊದಲ ಭಾನುವಾರವೇ ಒಂದೂವರೆ ಗಂಟೆ ಒಟ್ಟಿಗೆ ಆಡಿ ನೋಡಿ. ಗೆಳೆಯನಿಗಾಗಿ ಕಾಯುತ್ತಾ ಆಟ ತೆರೆದಿಟ್ಟು ಊಟಕ್ಕೆ ಹೋಗಬೇಡಿ, ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಗಿಫ್ಟ್ ಆಗಿ ಬಂದ ಆಟವನ್ನೂ ಹೀಗೆ ಹಿಂದಿರುಗಿಸಬಹುದು. ಕೋರಿಕೆಯನ್ನು ಗಿಫ್ಟ್ ಪಡೆದವರು ಶುರುಮಾಡಬೇಕು, ದುಡ್ಡು ಮಾತ್ರ ಕೊಟ್ಟವರಿಗೇ ವಾಪಸ್ ಹೋಗುತ್ತದೆ.